ಪದಚರ್ಚೆ: ಫ್ರೆಂಚಿನಲ್ಲಿ ಕಂಕುಳಲ್ಲಿರುವ ಕೂಸನ್ನು ‘ತರುವುದೋ’ ‘ಕರೆತರುವುದೋ’?

ಲಿಯೋಂನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಳಗಿನ ಮನೆಯ ಅಜ್ಜಿ ಭಾನುವಾರ ಊಟಕ್ಕೆ ಕರೆದಿದ್ದರು. ನನ್ನ ಮಗಳಿಗೆ ಒಂಬತ್ತು ತಿಂಗಳು, ಇನ್ನೂ ನಡೆಯುವುದಿಲ್ಲ. ‘ಮಗೂನ ತರಬಹುದಾ?’ ಎಂದು ಕೇಳಲು ‘ಅಪೋರ್ತೆ’ ಬಳಸಿ ಮೆಸೇಜು ಕಳಿಸಿದೆ. ಅವರ ಉತ್ತರ: ‘ವಿ, ಅಮ್ನೆ-ಲಾ, ಎ ನಪೋರ್ತೆ ರಿಯಾಂ.’ ಅಂದರೆ ‘ಹೂಂ, ಅವಳನ್ನು ಕರ್ಕೊಂಡು ಬನ್ನಿ, ಬೇರೇನೂ ತರಬೇಡಿ.’ ನನ್ನ ತಪ್ಪನ್ನು ಎಷ್ಟು ಮೆತ್ತಗೆ ತಿದ್ದಿದರು ಎಂದು ಆಮೇಲೆ ಹೊಳೆಯಿತು. ಆದರೂ ಸಂದೇಹ ಹೋಗಿಲ್ಲ. ಮಗುವನ್ನು ನಾನು ಎತ್ತಿಕೊಂಡೇ ಇಳಿಯಬೇಕಲ್ಲ? ಅಪೋರ್ತೆಯಲ್ಲಿರುವ ‘ಪೋರ್ತೆ’ಗೆ ಹೊರುವುದು ಎಂದೇ ಅರ್ಥ. ಅಪೋರ್ತೆ, ಅಮ್ನೆ, ಆಂಪೋರ್ತೆ, ಆಂಮ್ನೆ, ಈ ನಾಲ್ಕನ್ನು ಬೇರೆ ಮಾಡಿಕೊಳ್ಳುವುದು ಹೇಗೆ?

ಧಾರವಾಡದಿಂದ

ಅಕ್ಕಾರ, ಇದು ನಮಗ ಭಾಳ ಸಲೀಸು. ಅಪೋರ್ತೆ ಅಂದ್ರ ತರೋದು, ಅಮ್ನೆ ಅಂದ್ರ ಕರ್ಕೊಂಡು ಬರೋದು, ಆಂಪೋರ್ತೆ ಅಂದ್ರ ಒಯ್ಯೋದು, ಆಂಮ್ನೆ ಅಂದ್ರ ಕರ್ಕೊಂಡು ಹೋಗೋದು. ಜೀವ ಇದ್ರ ‘ಕರ್ಕೊಂಡು’, ಇಲ್ಲಂದ್ರ ಇಲ್ಲ. ಮೈಸೂರು ಕಡೆಯವರು ‘ತಗೊಂಡು ಹೋಗು’ ಅಂತಾರ, ನಾವು ಇವತ್ತಿಗೂ ‘ಒಯ್ಯಿ’ ಅಂತೀವಿ. ಒಂದೊಂದಕ್ಕ ಒಂದೊಂದು ಮಾತು ಕೂತ ಬಿಡ್ತದ.

ಮಂಗಳೂರಿನಿಂದ

ನಮ್ಮಲ್ಲಿ ‘ಕೊಂಡು ಹೋಗು’, ‘ಕೊಂಡು ಬಾ’ ಎಂದೇ ಹೇಳುವುದು. ಇದು ತಪ್ಪು ಕನ್ನಡ ಎಂದು ಬೆಂಗಳೂರಿನಲ್ಲಿ ಒಬ್ಬರು ನನ್ನನ್ನು ತಿದ್ದಿದ್ದರು. ನಿಮ್ಮ ಪ್ರಶ್ನೆ ಅದೇ ಎಂದುಕೊಂಡು ಓದಿದೆ. ಪ್ಯಾರಿಸಿನ ಹೋಟೆಲಿನಲ್ಲಿ ‘ಸ್ಯುರ್ ಪ್ಲಾಸ್ ಊ ಆ ಆಂಪೋರ್ತೆ?’ ಎಂದು ನನ್ನನ್ನೂ ಕೇಳಿದ್ದರು. ಅದು ನಮ್ಮ ‘ಇಲ್ಲೇ ತಿನ್ನೋದಾ, ಪಾರ್ಸೆಲ್ಲಾ?’ ಅಲ್ಲವೇ?

ಪುದುಚೇರಿಯಿಂದ

ಹೌದು, ಅದೇ ಪಾರ್ಸೆಲ್ಲು. ಇಲ್ಲಿಂದ ಹೊರಗೆ ಹೋಗುವುದೇ ಅಲ್ಲಿ ಮುಖ್ಯ, ಅದಕ್ಕೇ ಆಂಪೋರ್ತೆ.

ಧಾರವಾಡದವರ ಲೆಕ್ಕ ಮುಕ್ಕಾಲು ಸರಿ. ನಾನು ಮೂವತ್ತು ವರ್ಷ ಫ್ರೆಂಚ್ ಕಲಿಸಿದ್ದೇನೆ, ಕನ್ನಡದ ಮಕ್ಕಳು ಎಡವುವುದು ಉಳಿದ ಕಾಲು ಭಾಗದಲ್ಲಿ. ನಮ್ಮ ‘ತರು’ ನನ್ನ ಕಡೆಗೆ ಇಲ್ಲವೇ ನಿಮ್ಮ ಕಡೆಗೆ ಬರಬೇಕು. ‘ಈ ಸಾರನ್ನು ಪಕ್ಕದ ಮನೆಯವರಿಗೆ ತಾ’ ಎಂದು ಯಾರೂ ಹೇಳುವುದಿಲ್ಲ, ‘ಕೊಟ್ಟು ಬಾ’ ಎನ್ನುತ್ತೇವೆ. ಫ್ರೆಂಚರು ಅಲ್ಲೂ ‘ಅಪೋರ್ತ್ ಸಾ ಆ ಲಾ ವ್ವಾಸೀನ್’ ಎನ್ನುತ್ತಾರೆ. ಮಾತಾಡುವವರು ಎಲ್ಲಿದ್ದಾರೆ ಎಂಬುದು ಅದಕ್ಕೆ ಬೇಕಿಲ್ಲ, ವಸ್ತು ಎಲ್ಲಿಗೆ ಸೇರುತ್ತದೆ ಎಂಬುದಷ್ಟೇ ಬೇಕು. ಅಲ್ಲಿ ಆಂಪೋರ್ತೆ ಹಾಕಿದರೆ ಸಾರು ಮನೆ ಬಿಟ್ಟಿತು ಎಂದಾಗುತ್ತದೆ, ಅವರಿಗೆ ತಲುಪಿಸುವ ಮಾತು ಬರುವುದಿಲ್ಲ.

ಇನ್ನು ಮಗುವಿನ ವಿಷಯ. ‘ಮ್ನೆ’ಗೆ ಮೂಲದಲ್ಲಿ ನಡೆಸಿಕೊಂಡು ಹೋಗುವ ಅರ್ಥವೇನೋ ಇದೆ. ಆದರೆ ಕಂಕುಳಲ್ಲಿದ್ದರೂ ಕೂಸು ಮನುಷ್ಯರೇ, ಸಾಮಾನಲ್ಲ. ಆದ್ದರಿಂದ ಅಮ್ನೆ, ಆಂಮ್ನೆ. ಸ್ಟ್ರೆಚರಿನ ಮೇಲಿರುವ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದರೂ ಆಂಮ್ನೆಯೇ. ಹಾಗೆಂದು ಜೀವ ಇದ್ದ ಕಡೆಯೆಲ್ಲ ‘ಮ್ನೆ’ ಬರುತ್ತದೆ ಎನ್ನಬೇಡಿ. ಹೊಳೆಯ ಸೆಳವು ಒಬ್ಬನನ್ನು ಎಳೆದುಕೊಂಡು ಹೋದರೆ, ಕಾಯಿಲೆ ಒಬ್ಬರನ್ನು ಬಲಿ ತೆಗೆದುಕೊಂಡರೆ ಅಲ್ಲಿ ಆಂಪೋರ್ತೆ. ಅಲ್ಲಿ ಜೊತೆಗೆ ಹೋಗುವವರು ಯಾರೂ ಇಲ್ಲ. ಇತ್ತ ಕಾರಿಗೆ ಜೀವವಿಲ್ಲ, ಆದರೂ ಗ್ಯಾರೇಜಿಗೆ ಬಿಡುವಾಗ ಅಮ್ನೆ ಎನ್ನುತ್ತಾರೆ. ಕಾರನ್ನು ಯಾರೂ ಹೊರುವುದಿಲ್ಲವಲ್ಲ.

ಬರೆಯುವಾಗ ಅಮ್ನೆಗೆ ಒಂದು ಎಂ, ಆಂಮ್ನೆಗೆ ಎರಡು. ಮಾತಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಸ್ವರದ ಮೂಗುದನಿಯಷ್ಟೇ. ಅವಸರದ ಮಾತಿನಲ್ಲಿ ಅದು ಕಿವಿಗೆ ಬೀಳುವುದೇ ಕಷ್ಟ.

ಧಾರವಾಡದಿಂದ

ಕಾರಿನ ಮಾತು ಒಪ್ಪಿದೆ ಸರ್. ಹೊಳಿ ಒಯ್ತು, ಜಡ್ಡು ಒಯ್ತು ಅಂತ ನಾವೂ ಅಂತೀವಿ ನೋಡ್ರಿ. ಮನುಷ್ಯಾನ್ನ ಕರ್ಕೊಂಡು ಹೋತು ಅನ್ನೂದಿಲ್ಲ.

ಲಿಯೋಂನಿಂದ

ಸರ್, ಕೂಸಿನ ಸಂದೇಹ ಪೂರ್ತಿ ಹೋಯಿತು. ಆದರೆ ಭಾನುವಾರ ಅದೇ ಮೇಜಿನ ಮೇಲೆ ಅಜ್ಜಿಯ ಮೊಮ್ಮಗ, ಹದಿನಾರರ ಹುಡುಗ, ತಂಗಿಗೆ ‘ಅಮೆನ್ ಲ ಪ್ಯಾಂ’ ಎಂದ. ಬ್ರೆಡ್ಡಿಗೆ ಅಮ್ನೆ! ಅಜ್ಜಿ ‘ಅಪೋರ್ತ್’ ಎಂದು ತಿದ್ದಿದರು, ಹುಡುಗಿ ಅಷ್ಟರಲ್ಲಿ ಬುಟ್ಟಿ ತಂದಿಟ್ಟಾಗಿತ್ತು. ಶಾಲೆಯ ಗೇಟಿನಲ್ಲೂ ತಾಯಂದಿರು ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಒಬ್ಬರು ಅಮ್ನೆ ಎಂದರೆ ಇನ್ನೊಬ್ಬರು ಆಂಮ್ನೆ ಎನ್ನುತ್ತಾರೆ. ಇವೂ ತಪ್ಪೇ?

ಪುದುಚೇರಿಯಿಂದ

ಶಾಲೆಗೆ ಎರಡೂ ನಡೆಯುತ್ತವೆ. ತಲುಪಿಸಿ ಬಿಡುವುದು ಮನಸ್ಸಿನಲ್ಲಿದ್ದರೆ ಅಮ್ನೆ, ಮನೆಯಿಂದ ಹೊರಡಿಸಿಕೊಂಡು ಹೋಗುವುದಾದರೆ ಆಂಮ್ನೆ. ಬ್ರೆಡ್ಡಿನ ಅಮ್ನೆ ಮಾತಿನಲ್ಲಿ ಬಹಳ ಹಬ್ಬಿದೆ, ಫ್ರೆಂಚ್ ಅಕಾಡೆಮಿ ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ನಾನು ಅಂಕ ಕಳೆಯುತ್ತಿದ್ದೆ.

ಮಂಗಳೂರಿನಿಂದ

ಅಷ್ಟು ಜನ ಹೇಳುವ ಮಾತಿಗೆ ಅಂಕ ಯಾಕೆ ಕಳೆಯಬೇಕು ಸರ್? ನನ್ನ ‘ಕೊಂಡು ಹೋಗು’ವಿಗೂ ಹೀಗೇ ಆದದ್ದು.