ಸಿಎಜಿಆರ್ 5.8%, ಆಪ್‌ನಲ್ಲಿ 12.4%, ಶೀಟಲ್ಲಿ #NUM! ಯಾವ್ದು ಸರಿ?

ಮೂರುಸಂಜೆ: ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕ್ಬೇಕು ಅಂತ ಶುರು ಮಾಡಿದ್ದು ಆದ್ರೆ ಕೈಲಿ ದುಡ್ಡಿದ್ದಾಗ ಮಾತ್ರ ಆಗಿರೋದು. 1-1-2023ಕ್ಕೆ 20 ಸಾವಿರ, 1-1-2024ಕ್ಕೆ 30, 1-7-2024ಕ್ಕೆ 50. 1-1-2025ಕ್ಕೆ ಒಟ್ಟು 1,12,000 ಇತ್ತು. ಎರಡು ವರ್ಷಕ್ಕೆ ಸಿಎಜಿಆರ್, ಅಂದ್ರೆ ವರ್ಷಕ್ಕೆ ಚಕ್ರಬಡ್ಡಿ ಲೆಕ್ಕದ ಬೆಳವಣಿಗೆ, 5.8 ಬರುತ್ತೆ, ಇಷ್ಟಕ್ಕೆ ಡೆಪಾಸಿಟ್ಟೇ ವಾಸಿ ಅನ್ಸ್ತಿದೆ. ಆಪ್ ನೋಡಿದ್ರೆ 12.4 ಅನ್ನುತ್ತೆ, ನಾನೇ ಶೀಟಲ್ಲಿ ತಾರೀಕು ನೋಡಿ ವರ್ಷದ ದರ ಹೇಳೋ XIRR ಸೂತ್ರ ಹಾಕಿದ್ರೆ #NUM! ಬರ್ತಿದೆ.

ಗುಣಾಕಾರ: IRR ಹಾಕಿ ಸಾಕು, ಎರಡೂ ಒಂದೇ.

ಹಳೇಲೆಡ್ಜರ್: ಒಂದೇ ಅಲ್ಲ ಮಾರಾಯ್ರೇ. IRRಗೆ ತಾರೀಕೇ ಗೊತ್ತಿಲ್ಲ, ಎಲ್ಲಾ ಕಂತಿನ ನಡುವೆ ಒಂದೇ ಅಂತರ ಇದೆ ಅಂದ್ಕೊಳ್ಳುತ್ತೆ. ಇಲ್ಲಿ ಮೊದ್ಲ ಅಂತರ ಒಂದು ವರ್ಷ, ಆಮೇಲಿಂದು ಆರು ತಿಂಗಳು. ಪ್ರತಿ ತಿಂಗಳೂ ತಪ್ಪದೇ ಹಾಕಿದ್ರೆ ನಿಮ್ಮ ಮಾತು ಹತ್ತತ್ರ ಸರಿ, ಆಗ್ಲೂ ಬಂದ ತಿಂಗಳ ದರನ ಸುಮ್ನೆ 12ರಿಂದ ಗುಣಿಸ್ಬಾರ್ದು.

ಮೂರುಸಂಜೆ, ನಿಮ್ಮ ಸಿಎಜಿಆರ್ ಪೂರ್ತಿ 1 ಲಕ್ಷ ಮೊದಲ ದಿನವೇ ಹಾಕಿದ ಹಾಗೆ ಲೆಕ್ಕ ಮಾಡಿದೆ. ನಿಜವಾಗಿ ಎರಡು ವರ್ಷ ದುಡಿದಿದ್ದು ಬರೀ 20 ಸಾವಿರ, ಅರ್ಧ ದುಡ್ಡು ಬಂದು ಆರು ತಿಂಗಳಷ್ಟೇ ಆಗಿತ್ತು. ಮೊತ್ತಕ್ಕೆ ತಕ್ಕ ಹಾಗೆ ಸರಾಸರಿ ತೆಗೆದ್ರೆ ಒಂದೊಂದು ರೂಪಾಯಿನೂ ಒಂದು ವರ್ಷಕ್ಕಿಂತ ಸ್ವಲ್ಪ ಕಮ್ಮಿನೇ ಒಳಗಿದ್ದಿದ್ದು, ಅಷ್ಟರಲ್ಲಿ 12 ಸಾವಿರ ಲಾಭ ಅಂದ್ಮೇಲೆ 12.4 ಹೇಗೆ ಬಂತು ಅಂತ ಕಣ್ಣಂದಾಜಲ್ಲೇ ಗೊತ್ತಾಗುತ್ತೆ.

#NUM! ಬರೋದು ಸಾಮಾನ್ಯವಾಗಿ ಎಲ್ಲಾ ಅಂಕಿನೂ ಪ್ಲಸ್ ಇದ್ದಾಗ. ಹಾಕಿದ್ದು ಮೈನಸ್, ಕೊನೇ ಸಾಲಲ್ಲಿ ಅವತ್ತಿನ ಬೆಲೆ ಪ್ಲಸ್, ಹೀಗೆ:

```
A2 2023-01-01   B2 -20000
A3 2024-01-01   B3 -30000
A4 2024-07-01   B4 -50000
A5 2025-01-01   B5 112000
=XIRR(B2:B5, A2:A5)
```

#VALUE! ಬಂದ್ರೆ ತಾರೀಕು ಟೆಕ್ಸ್ಟ್ ಆಗಿ ಕೂತಿದೆ ಅಂತ ಅನುಮಾನ ಪಡಿ.

ಬೆಳ್ಳಿಚುಕ್ಕಿ: ನಂದು 26% ತೋರಿಸ್ತಿದೆ!! ಎರಡು ತಿಂಗಳ ಹಿಂದೆ ಹಾಕಿದ್ದು, ಇದೇ ಫಂಡಲ್ಲಿ ಮುಂದುವರಿಸ್ಲಾ?

ಹಳೇಲೆಡ್ಜರ್: ಎರಡು ತಿಂಗಳಲ್ಲಿ 4% ಏರಿದ್ರೂ ವರ್ಷಕ್ಕೆ ಹಿಗ್ಗಿಸಿದಾಗ 26 ಆಗುತ್ತೆ, ಒಂದು ವರ್ಷ ತುಂಬೋ ತನಕ ಆ ನಂಬರ್ ಕಡೆ ನೋಡ್ಲೇಬೇಡಿ, ಬರೀ 4% ಏರಿದೆ ಅಂದ್ಕೊಳ್ಳಿ ಸಾಕು.

ಮೂರುಸಂಜೆ: ಮೈನಸ್ ಹಾಕಿದ್ಮೇಲೆ 12.4 ಬಂತು, ಥ್ಯಾಂಕ್ಸ್. ಆದ್ರೆ ಫಂಡ್‌ನವ್ರು ಅದೇ ಎರಡು ವರ್ಷಕ್ಕೆ ಬೇರೇನೇ ನಂಬರ್ ಕೊಟ್ಟಿದಾರಲ್ಲ?

ಹಳೇಲೆಡ್ಜರ್: ಅದು ಮೊದಲ ದಿನ ಹಾಕಿ ಕೊನೇ ದಿನದ ತನಕ ಮುಟ್ಟದೇ ಇದ್ದವ್ರ ಲೆಕ್ಕ. ನಿಮ್ದರಲ್ಲಿ ನೀವು ಯಾವಾಗ ಹಾಕಿದ್ರಿ ಅನ್ನೋದೂ ಸೇರಿದೆ. ಹೋಲಿಸ್ಬೇಕಂದ್ರೆ ಇದೇ ತಾರೀಕಿಗೆ ಇದೇ ಮೊತ್ತ ಒಂದು ಇಂಡೆಕ್ಸ್ ಫಂಡಿಗೆ ಹಾಕಿದ್ರೆ ಎಷ್ಟಾಗ್ತಿತ್ತು ಅಂತ ಇನ್ನೊಂದು XIRR ತೆಗೀರಿ.

ಗುಣಾಕಾರ: ಫಂಡ್ ಚೆನ್ನಾಗಿದ್ಯೋ ಇಲ್ವೋ ತೂಗೋಕೆ ಫಂಡ್‌ನವ್ರ ನಂಬರ್ರೇ ಸರಿ ಅಂತ ನಾನಂತೂ ಈಗ್ಲೂ ಹೇಳ್ತೀನಿ, ಇವ್ರು ಯಾವಾಗ ಹಾಕಿದ್ರು ಅನ್ನೋದಕ್ಕೆ ಫಂಡ್ ಮ್ಯಾನೇಜರ್ ಏನ್ ಮಾಡ್ತಾನೆ?