ಮನೆ ನಂಬರ್ ಸರಿಯಿದ್ದರೂ ಪಾರ್ಸೆಲ್ ಬೇರೆ ಬೀದಿಗೆ ಹೋಗುತ್ತಿದೆ

ಸುಮಾ_ಪುಣೆ: ಅಮ್ಮ ಬೆಂಗಳೂರಲ್ಲಿ ಬನಶಂಕರಿ 3ನೇ ಸ್ಟೇಜ್‌ನಲ್ಲಿದ್ದಾರೆ. ನಾನು ಇಲ್ಲಿಂದ ಔಷಧಿ, ದಿನಸಿ ಆರ್ಡರ್ ಮಾಡುತ್ತೇನೆ. ಮನೆ ನಂಬರ್, ಕ್ರಾಸ್, ಮೇನ್ ಎಲ್ಲಾ ಹಾಕಿದ್ದೇನೆ. ‘ಹತ್ತಿರದ ಗುರುತು’ ಅನ್ನುವ ಕಡೆ ‘ಗಣೇಶನ ಗುಡಿ ಹತ್ತಿರ’ ಅಂತಿದೆ. ಆದರೂ ಪಾರ್ಸೆಲ್ ಬೇರೆ ಬೀದಿಗೆ ಹೋಗುತ್ತೆ, ಇಲ್ಲಾ ವಾಪಸ್ ಹೋಗುತ್ತೆ. ಇನ್ನೇನು ಬರೆಯಬೇಕು?

ಕಿರಣ್_ಟೆಕ್: ಇಷ್ಟೆಲ್ಲಾ ಬರೆಯುವುದೇ ಬೇಡ. ಮ್ಯಾಪ್‌ನಲ್ಲಿ ಪಿನ್ ಸರಿಯಾಗಿ ಇಡಿ, ಮುಗೀತು. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಕೂಡ ತಂದಿದೆ. ಹತ್ತು ಅಕ್ಷರದ ಕೋಡ್, ಸುಮಾರು ನಾಲ್ಕು ಮೀಟರ್ ಚೌಕದವರೆಗೂ ತೋರಿಸುತ್ತೆ. ಯಾವ ಕಾಲದಲ್ಲಿದ್ದೀರಿ, ಗುಡಿ ಅಂತೆ, ಹತ್ತಿರ ಅಂತೆ!

ಬ್ಯಾಗ್_ಬೈಕ್_ಮಂಜ: ಅಣ್ಣಾ, ನಾನು ದಿನಾ ಡೆಲಿವರಿ ಮಾಡುವವನು. ಪಿನ್ ಬೇಕು, ಇಲ್ಲ ಅನ್ನಲ್ಲ. ಡಿಜಿಪಿನ್ ಹಾಕುವ ಜಾಗವೇ ನಮ್ಮ ಆ್ಯಪ್‌ನಲ್ಲಿ ಇಲ್ಲ. ಇದ್ದರೂ ನಾಲ್ಕು ಮೀಟರ್ ಚೌಕದ ಮೇಲೆ ಮೂರು ಮಹಡಿ ಇರುತ್ತೆ, ಯಾವ ಬಾಗಿಲು ಅಂತ ಅದು ಹೇಳಲ್ಲ.

ಸುಮಾ ಅಕ್ಕಾ, ಮೊದಲು ನಿಮ್ಮ ಪಿನ್ ಎಲ್ಲಿ ಕೂತಿದೆ ನೋಡಿ. ಪುಣೆಯಲ್ಲಿ ಕೂತು ವಿಳಾಸ ಸೇರಿಸಿದರೆ ಆ್ಯಪ್ ಬಡಾವಣೆ ಹೆಸರು ಹಿಡಿದು ಎಲ್ಲೋ ಒಂದು ಕಡೆ ಪಿನ್ ಇಟ್ಟಿರುತ್ತೆ. ಅಮ್ಮನ ಫೋನಿಂದ, ಅವರು ಗೇಟ್ ಹತ್ತಿರ ನಿಂತಾಗ, ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ತರಿಸಿಕೊಂಡು ಆ ಜಾಗಕ್ಕೆ ಪಿನ್ ಎಳೆದಿಡಿ. ಆಮೇಲೆ ಪಿನ್‌ಕೋಡ್. ಬನಶಂಕರಿ 2ನೇ ಸ್ಟೇಜ್‌ಗೆ 560070, 3ನೇ ಸ್ಟೇಜ್‌ಗೆ 560085. ಅದು ತಪ್ಪಿದ್ದರೆ ಕೊರಿಯರ್ ಪಾರ್ಸೆಲ್ ಬೇರೆ ಹಬ್‌ಗೇ ಹೋಗುತ್ತೆ. ಆಮೇಲೆ ನೀವು ಎಷ್ಟು ಗುರುತು ಹೇಳಿದರೂ ಅಲ್ಲಿರುವ ಹುಡುಗನಿಗೆ ನಿಮ್ಮ ಬೀದಿಯೇ ಗೊತ್ತಿರಲ್ಲ.

ಸುಮಾ_ಪುಣೆ: ಪಿನ್‌ಕೋಡ್ 560085 ಅಂತಲೇ ಇದೆ. ಮ್ಯಾಪ್ ಪಿನ್ ನೋಡಿದೆ, ಎರಡು ಬೀದಿ ಆಚೆ ಕೂತಿದೆ! ಆದರೆ ಗುಡಿ ಅಂತ ಬರೆದಿದ್ದೆನಲ್ಲ?

ಬ್ಯಾಗ್_ಬೈಕ್_ಮಂಜ: ಗಣೇಶನ ಗುಡಿ ಇಲ್ಲದ ಬೀದಿ ಯಾವುದಕ್ಕಾ ಬೆಂಗಳೂರಲ್ಲಿ? ‘ಹತ್ತಿರ’ ಅಂದರೆ ಮುಂದೆಯೋ, ಹಿಂದೆಯೋ, ಎದುರಿಗೋ? ನಾವು ದೊಡ್ಡ ರಸ್ತೆಯಿಂದ ಬರುತ್ತೇವೆ. ಅಲ್ಲಿಂದ ಶುರು ಮಾಡಿ. ಎಡ ಬಲ ಹೇಳುವ ಮುಂಚೆ ಯಾವ ಕಡೆಯಿಂದ ಬರಬೇಕು ಅಂತ ಹೇಳಿ, ಇಲ್ಲದಿದ್ದರೆ ನಿಮ್ಮ ಎಡ ನಮಗೆ ಬಲ ಆಗುತ್ತೆ. ಬೀದಿ ಹೇಗಿದೆ ಹೇಳಿ, ಬರೆದುಕೊಡುತ್ತೇನೆ.

ಸುಮಾ_ಪುಣೆ: ಕತ್ರಿಗುಪ್ಪೆ ವಾಟರ್ ಟ್ಯಾಂಕ್ ಕಡೆಯಿಂದ ಬಂದರೆ ಗುಡಿ ಎಡಕ್ಕೆ ಸಿಗುತ್ತೆ. ಅದು ದಾಟಿ ಎರಡನೇ ಕ್ರಾಸ್ ನಮ್ಮದು. ಮೂಲೆಯಲ್ಲಿ ಹಿಟ್ಟಿನ ಗಿರಣಿ. ಮನೆ ಮೊದಲ ಮಹಡಿ. ಮೆಟ್ಟಿಲು ಪಕ್ಕದ ಸಂದಿಯಲ್ಲಿದೆ, ಮುಂದೆಯಿಂದ ಕಾಣಲ್ಲ. ಕೆಳಗಡೆ ಬಾಡಿಗೆಯವರು.

ಬ್ಯಾಗ್_ಬೈಕ್_ಮಂಜ: ನೋಡಿ, ಆ ಮೆಟ್ಟಿಲೇ ಮುಖ್ಯ, ಅದನ್ನೇ ಬಿಟ್ಟಿದ್ದೀರಿ. ಹೀಗೆ ಹಾಕಿ:

“ಮೊದಲ ಮಹಡಿ, ಮೆಟ್ಟಿಲು ಎಡಗಡೆ ಸಂದಿಯಲ್ಲಿ. ವಾಟರ್ ಟ್ಯಾಂಕ್ ಕಡೆಯಿಂದ ಬಂದು, ಗಣೇಶನ ಗುಡಿ ದಾಟಿ ಎಡಕ್ಕೆ ಎರಡನೇ ಕ್ರಾಸ್, ಮೂಲೆಯಲ್ಲಿ ಹಿಟ್ಟಿನ ಗಿರಣಿ. ಒಳಗೆ ಬಲಕ್ಕೆ ನಾಲ್ಕನೇ ಮನೆ, ನೀಲಿ ಗೇಟ್.”

ಎಡ, ಬಲ, ನಾಲ್ಕನೇ ಮನೆ, ಗೇಟ್ ಬಣ್ಣ ನಾನು ಸುಮ್ನೆ ಹಾಕಿದ್ದು, ಅಮ್ಮನ್ನ ಕೇಳಿ ಸರಿ ಮಾಡಿಕೊಳ್ಳಿ. ಮಹಡಿ ಮೊದಲೇ ಇರಲಿ. ಉದ್ದ ಜಾಸ್ತಿ ಆದರೆ ಚೀಟಿಯಲ್ಲಿ ಕೊನೆಯ ಸಾಲು ಕಟ್ ಆಗಿ ಬರುತ್ತೆ.

ಹಳ್ಳಿಹೈದ: ನಮ್ಮೂರಲ್ಲಿ ಈ ತಾಪತ್ರಯವೇ ಇಲ್ಲ. ಅಪ್ಪನ ಹೆಸರು, ಊರು, ಅಂಚೆ, ತಾಲ್ಲೂಕು ಬರೆದರೆ ಸಾಕು, ಪೋಸ್ಟ್‌ಮ್ಯಾನ್ ಗದ್ದೆಗೇ ತಂದುಕೊಡುತ್ತಾರೆ. ಕೊರಿಯರ್‌ನವರು ಮಾತ್ರ ತಾಲ್ಲೂಕಿನಲ್ಲೇ ಕೂತು ‘ಬಂದು ತಗೊಳ್ಳಿ’ ಅಂತಾರೆ. ಅದಕ್ಕೇನು ಮಾಡುವುದು?

ಶಾರದಾ_ಮೈಸೂರು: ವಿಳಾಸ ಸರಿಯಾಯಿತು, ಆದರೆ ಸುಮಾ, ಫೋನ್ ನಂಬರ್ ಯಾರದ್ದು ಕೊಟ್ಟಿದ್ದೀಯಮ್ಮ?

ಸುಮಾ_ಪುಣೆ: ನನ್ನದೇ, ಮೇಡಂ. ಆಫೀಸಲ್ಲಿ ಮೀಟಿಂಗ್ ಇದ್ದರೆ ಎತ್ತುವುದಕ್ಕೆ ಆಗಲ್ಲ.

ಬ್ಯಾಗ್_ಬೈಕ್_ಮಂಜ: ವಾಪಸ್ ಹೋಗುವುದು ಅದಕ್ಕೇ ಇರಬೇಕು. ನಾವು ಗೇಟಲ್ಲಿ ನಿಂತು ಒಂದೆರಡು ಸಲ ಕರೆ ಮಾಡಿ ಮುಂದಿನ ಮನೆಗೆ ಹೊರಡುತ್ತೇವೆ. ಡೆಲಿವರಿ ವಿಳಾಸದ ಜೊತೆ ಅಮ್ಮನ ನಂಬರ್ ಇರಲಿ. ಒಂದು ವಿಷಯ, ಕರೆ ಆ್ಯಪ್ ಮೂಲಕ ಬಂದರೆ ನಮ್ಮ ನಂಬರ್ ಕಾಣಲ್ಲ, ಯಾವುದೋ ಲ್ಯಾಂಡ್‌ಲೈನ್ ತರಹದ ನಂಬರ್ ಕಾಣುತ್ತೆ. ವಯಸ್ಸಾದವರು ಅದನ್ನು ಬ್ಯಾಂಕ್‌ನವರದ್ದು ಅಂತ ಕಟ್ ಮಾಡುತ್ತಾರೆ. ಆರ್ಡರ್ ಬರುವ ದಿನ ಎತ್ತಿ ಅಂತ ಹೇಳಿಡಿ.

ಕಿರಣ್_ಟೆಕ್: ಒಟಿಪಿ ಸುಮಾ ಅವರ ಫೋನಿಗೇ ಬರುತ್ತಲ್ಲ? ಅಮ್ಮ ಕರೆ ಎತ್ತಿ ಏನು ಮಾಡುತ್ತಾರೆ?

ಬ್ಯಾಗ್_ಬೈಕ್_ಮಂಜ: ಇದು ನಿಜ. ಕೆಲವು ಆ್ಯಪ್‌ಗಳಲ್ಲಿ ಖಾತೆಯ ನಂಬರಿಗೇ ಒಟಿಪಿ ಹೋಗುತ್ತೆ. ಅಂಥದ್ದರಲ್ಲಿ ‘ಡೆಲಿವರಿಗೆ ಹೊರಟಿದೆ’ ಅಂತ ಬಂದ ತಕ್ಷಣ ನೋಡಿ ಅಮ್ಮನಿಗೆ ಹೇಳಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ರಘು_ಎಚ್: ‘ವಯಸ್ಸಾದವರು ಒಬ್ಬರೇ ಇರುತ್ತಾರೆ, ಸ್ವಲ್ಪ ಕಾಯಿರಿ’ ಅಂತಲೂ ಬರೆಯಿರಿ. ಹುಡುಗರು ಕಾಯುತ್ತಾರೆ.

ಶಾರದಾ_ಮೈಸೂರು: ಬೇಡವೇ ಬೇಡ! ಆ ಚೀಟಿ ಎಷ್ಟು ಜನರ ಕೈ ದಾಟಿ ಬರುತ್ತೆ ಗೊತ್ತಾ? ‘ಬೆಲ್ ಒತ್ತಿ, ಬಾಗಿಲು ತೆಗೆಯಲು ಎರಡು ನಿಮಿಷ ಬೇಕು’ ಅಂದರೆ ಸಾಕು.

ರಘು_ಎಚ್: ಅಷ್ಟು ಹೆದರಿದರೆ ಫೋನ್ ನಂಬರೂ ಕೊಡಬಾರದು ಮೇಡಂ.

ಸುಮಾ_ಪುಣೆ: ಪಿನ್ ಸರಿ ಮಾಡಿದೆ, ಅಮ್ಮನ ನಂಬರ್ ಹಾಕಿದೆ. ಗೇಟ್ ನೀಲಿ ಅಲ್ಲ, ಕಂದು ಬಣ್ಣವಂತೆ. ಗಿರಣಿ ಭಾನುವಾರ ಮುಚ್ಚಿರುತ್ತಂತೆ, ಬೋರ್ಡ್ ಇರುತ್ತಾ ಮಂಜಣ್ಣ ಅಂತ ಕೇಳುತ್ತಿದ್ದಾರೆ ಅಮ್ಮ!

ಬ್ಯಾಗ್_ಬೈಕ್_ಮಂಜ: ಅದನ್ನು ಅವರೇ ನೋಡಿ ಹೇಳಬೇಕು ಅಕ್ಕಾ. ಶಟರ್ ಎಳೆದಾಗಲೂ ಬೋರ್ಡ್ ಕಾಣುತ್ತೆ ಅಂದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯಾ ಕೇಳಿ.