ಪದಚರ್ಚೆ: ಎಂಟು ನಾಮಪದ, ಏಳು ‘ಆಫ್’

ಕೇಳಿದವರು: ದೋಹಾದ ಅನುವಾದಕಿ

ನಮಸ್ಕಾರ. ನಿನ್ನೆ ಒಂದು ಅರಬ್ಬಿ ಸುತ್ತೋಲೆ ಇಂಗ್ಲಿಷಿಗೆ ಮಾಡಲು ಬಂತು. ಅದರ ತಲೆಬರಹ ಹೀಗಿದೆ:

ಕರಾರ್ ತಅಯೀನ್ ರಈಸ್ ಲಜ್ನತ್ ಮುತಾಬಅತ್ ತನ್ಫೀಝ್ ಮಶಾರೀಅ್ ಅಲ್-ವಿಜಾರಾ ಅಲ್-ಜದೀದ್.

ಸಾಲಾಗಿ ಅರ್ಥ: ತೀರ್ಮಾನ, ನೇಮಕ, ಮುಖ್ಯಸ್ಥ, ಸಮಿತಿ, ಉಸ್ತುವಾರಿ, ಜಾರಿ, ಯೋಜನೆಗಳು, ಸಚಿವಾಲಯ. ಕೊನೆಗೆ ‘ಹೊಸ’. ಇದ್ದದ್ದನ್ನು ಇದ್ದ ಹಾಗೆ ಬರೆದೆ, ಏಳು ‘ಆಫ್’ ಬಂತು. ಕೆಲಸ ಕೊಟ್ಟವರು ‘ಓದೋಕೆ ಆಗ್ತಿಲ್ಲ’ ಅಂತ ವಾಪಸ್ ಕಳಿಸಿದರು. ಏನು ಮಾಡಲಿ?

ಬೆಂಗಳೂರಿನಿಂದ

ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ಹಿಂದಿನಿಂದ ಓದಿ, ಕನ್ನಡದ ಹಾಗೇ ಆಗುತ್ತೆ. ‘ತಾರೀಖ್ ಇನ್ತಿಹಾ ಸಲಾಹಿಯ್ಯತ್ ರುಖ್ಸತ್ ಅಲ್-ಕಿಯಾದಾ’ ಅಂದರೆ ಚಾಲನಾ ಪರವಾನಗಿಯ ಅವಧಿ ಮುಗಿಯುವ ದಿನ. ಇಂಗ್ಲಿಷಲ್ಲಿ ‘ಡ್ರೈವಿಂಗ್ ಲೈಸೆನ್ಸ್ ಎಕ್ಸ್‌ಪೈರಿ ಡೇಟ್’. ಒಂದೂ ‘ಆಫ್’ ಇಲ್ಲ. ನಿಮ್ಮದನ್ನೂ ಹಾಗೇ ತಿರುಗಿಸಿ.

ಮೈಸೂರಿನಿಂದ

ಇದು ಉರ್ದುವಿನ ‘ಶೇರ್-ಎ-ಮೈಸೂರ್’ ಥರ ತಾನೆ? ನಡುವೆ ‘ಎ’ ಹಾಕಿದರೆ ಆಯಿತಲ್ಲ?

ಭಟ್ಕಳದ ಅರಬ್ಬಿ ಮೇಷ್ಟ್ರು

ಮೈಸೂರಿನವರೇ, ಆ ‘ಎ’ ಪಾರಸಿಯದು. ಪಾರಸಿಯಲ್ಲಿ ಗುಣವಾಚಕಕ್ಕೂ ಅದೇ ‘ಎ’ ಸಾಕು. ಅರಬ್ಬಿಯಲ್ಲಿ ಹಾಗಲ್ಲ, ಅಮ್ಮನವರ ನಿಜವಾದ ತೊಂದರೆ ಅಲ್ಲೇ ಇರೋದು. ಅದಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನವರು ಹೇಳಿದ್ದು ಲೈಸೆನ್ಸಿಗೆ ಸರಿ. ಅದು ಜನರ ಬಾಯಲ್ಲಿ ಪಳಗಿದ ಮಾತು. ಇದನ್ನು ಹಾಗೆ ತಿರುಗಿಸಿದರೆ ‘ಮಿನಿಸ್ಟ್ರಿ ಪ್ರಾಜೆಕ್ಟ್ ಇಂಪ್ಲಿಮೆಂಟೇಶನ್ ಮಾನಿಟರಿಂಗ್ ಕಮಿಟಿ ಹೆಡ್ ಅಪಾಯಿಂಟ್‌ಮೆಂಟ್ ಡಿಸಿಷನ್’ ಆಗುತ್ತೆ. ‘ಆಫ್’ ಹೋಯಿತು, ಓದುವವನ ಉಸಿರೂ ಹೋಯಿತು!

ಸರಪಳಿಯಲ್ಲಿ ಯಾವುದು ವಸ್ತು, ಯಾವುದು ಕೆಲಸ ಅಂತ ಮೊದಲು ನೋಡಿ. ನೇಮಕ, ಉಸ್ತುವಾರಿ, ಜಾರಿ, ಈ ಮೂರೂ ನಾಮಪದದ ವೇಷ ಹಾಕಿದ ಕ್ರಿಯಾಪದಗಳು. ಅವುಗಳ ವೇಷ ಕಳಚಿ. ‘ದಿ ಡಿಸಿಷನ್ ಅಪಾಯಿಂಟಿಂಗ್ ದಿ ಹೆಡ್ ಆಫ್ ದಿ ಕಮಿಟಿ ದಟ್ ಮಾನಿಟರ್ಸ್ ಮಿನಿಸ್ಟ್ರಿ ಪ್ರಾಜೆಕ್ಟ್ಸ್’. ಒಂದೇ ‘ಆಫ್’ ಉಳಿಯಿತು. ‘ದಿ’ ಬೇಕೇ ಬೇಕು. ‘ಅಲ್’ ಕೊನೆಯ ನಾಮಪದಕ್ಕೆ ಮಾತ್ರ ಅಂಟಿದ್ದರೂ ಇಡೀ ಸಾಲನ್ನೇ ನಿಶ್ಚಿತ ಮಾಡುತ್ತೆ.

ಅಂದ ಹಾಗೆ, ನಮ್ಮ ‘ಕರಾರು’ ಇದೇ ಪದ. ನಮ್ಮಲ್ಲಿ ಒಪ್ಪಂದ ಆಯಿತು, ಇಲ್ಲಿ ತೀರ್ಮಾನ. ಅದನ್ನು ನೋಡಿ ‘ಕಾಂಟ್ರಾಕ್ಟ್’ ಅಂತ ಬರೆದುಬಿಡಬೇಡಿ.

ಬೆಂಗಳೂರಿನಿಂದ

ಒಪ್ಪಿದೆ. ಆದರೆ ‘ತನ್ಫೀಝ್’ ಎಲ್ಲಿ ಹೋಯಿತು? ಸರ್ಕಾರಿ ಕಾಗದದಲ್ಲಿ ಪದ ನುಂಗಬಾರದು, ಅಲ್ವಾ?

ಭಟ್ಕಳದ ಅರಬ್ಬಿ ಮೇಷ್ಟ್ರು

ಉಸ್ತುವಾರಿ ಅಂದಮೇಲೆ ಜಾರಿಯದ್ದೇ ಅಂತ ನಾನು ಬಿಟ್ಟೆ. ಆದೇಶದ ಒಳಗಿನ ಸಾಲಾದರೆ ಬಿಡುತ್ತಿರಲಿಲ್ಲ. ‘ದಟ್ ಮಾನಿಟರ್ಸ್ ಹೌ ಮಿನಿಸ್ಟ್ರಿ ಪ್ರಾಜೆಕ್ಟ್ಸ್ ಆರ್ ಕ್ಯಾರೀಡ್ ಔಟ್’ ಅಂತ ಬರೆಯಬಹುದು.

ಈಗ ‘ಅಲ್-ಜದೀದ್’. ಅರಬ್ಬಿಯಲ್ಲಿ ಸರಪಳಿಯ ನಡುವೆ ಗುಣವಾಚಕ ತೂರಿಸುವ ಹಾಗಿಲ್ಲ, ಎಲ್ಲ ಮುಗಿದ ಮೇಲೇ ಬರಬೇಕು. ಹಾಗಾದರೆ ಹೊಸದು ಯಾವುದು? ಲಿಂಗ ನೋಡಿ. ಸಮಿತಿ, ಉಸ್ತುವಾರಿ, ಸಚಿವಾಲಯ ಸ್ತ್ರೀಲಿಂಗ. ಯೋಜನೆಗಳು ಮನುಷ್ಯರಲ್ಲದ ಬಹುವಚನ, ಅದಕ್ಕೂ ಸ್ತ್ರೀಲಿಂಗದ ‘ಜದೀದಾ’ನೇ ಬೇಕು. ಇಲ್ಲಿರೋದು ‘ಜದೀದ್’, ಹಾಗಾಗಿ ನಾಲ್ಕೂ ಬಿದ್ದುಹೋದವು. ತೀರ್ಮಾನ, ನೇಮಕ, ಮುಖ್ಯಸ್ಥ, ಜಾರಿ ಉಳಿದವು. ಹೊಸ ಜಾರಿ, ಹೊಸ ನೇಮಕ ಇಲ್ಲಿ ಅಷ್ಟು ಹೊಂದುವುದಿಲ್ಲ.

ಕೇಳಿದವರು

ಅಂದರೆ ಹೊಸ ತೀರ್ಮಾನವೋ, ಹೊಸ ಮುಖ್ಯಸ್ಥನೋ?

ಭಟ್ಕಳದ ಅರಬ್ಬಿ ಮೇಷ್ಟ್ರು

ಸ್ವರಚಿಹ್ನೆ ಇದ್ದಿದ್ದರೆ ಹೇಳಬಹುದಿತ್ತು. ‘ಅಲ್-ಜದೀದು’ ಅಂತಿದ್ದರೆ ತೀರ್ಮಾನ, ‘ಅಲ್-ಜದೀದಿ’ ಅಂತಿದ್ದರೆ ಮುಖ್ಯಸ್ಥ. ಸುತ್ತೋಲೆಯಲ್ಲಿ ಅದನ್ನು ಯಾರು ಹಾಕುತ್ತಾರೆ? ಅದೂ ತೀರ್ಮಾನ ಪ್ರಥಮಾ ವಿಭಕ್ತಿಯಲ್ಲಿದ್ದರೆ ಮಾತ್ರ. ತೀರ್ಮಾನದ ಮುಂಚೆ ‘ಅಲ್ಲಿ’ ಅನ್ನೋ ಅರ್ಥದ ‘ಫೀ’ ಸೇರಿದರೆ ಎರಡಕ್ಕೂ ‘ಇ’ನೇ. ನನಗಂತೂ ಮುಖ್ಯಸ್ಥ ಅನ್ನಿಸುತ್ತೆ. ಹಳೆಯ ತೀರ್ಮಾನ ಒಂದಿತ್ತಾ ಅಂತ ಒಳಗಿನ ಪುಟ ನೋಡಿ.

ದುಬೈಯಿಂದ

ನಂದೊಂದು ಪ್ರಶ್ನೆ. ‘ಜಿಯಾರತ್ ಅಲ್-ವಜೀರ್’ ಅನ್ನೋದನ್ನು ‘ಮಿನಿಸ್ಟರ್ಸ್ ವಿಸಿಟ್’ ಅಂತ ಮಾಡಿದ್ದೆ. ಆಮೇಲೆ ನೋಡಿದರೆ, ಮಂತ್ರಿ ಯಾರ ಹತ್ತಿರಾನೂ ಹೋಗಿರಲಿಲ್ಲ, ನಮ್ಮವರೇ ಮಂತ್ರಿಯನ್ನು ನೋಡೋಕೆ ಹೋಗಿದ್ದರು!

ಭಟ್ಕಳದ ಅರಬ್ಬಿ ಮೇಷ್ಟ್ರು

ಆಗುತ್ತೆ. ಮಾಡಿದವರು, ಮಾಡಿಸಿಕೊಂಡವರು ಇಬ್ಬರೂ ಅರಬ್ಬಿಯಲ್ಲಿ ಅದೇ ಜಾಗದಲ್ಲಿ ಕೂರಬಹುದು. ಇಂಗ್ಲಿಷಿನ ‘ಮಿನಿಸ್ಟರ್ಸ್’ ಮಾತ್ರ ಮಂತ್ರಿಯೇ ಹೋದರು ಅನ್ನಿಸಿಬಿಡುತ್ತೆ. ಗೊತ್ತಾಗದಿದ್ದಾಗ ನಾನು ‘ಆಫ್’ ಕಿತ್ತು ಹಾಕುವುದಿಲ್ಲ.

ಕೇಳಿದವರು

ಒಳಗಿನ ಪುಟದಲ್ಲಿ ಹಳೆಯ ತೀರ್ಮಾನದ ಸಂಖ್ಯೆಯೂ ಇದೆ, ಹಳೆಯ ಮುಖ್ಯಸ್ಥರ ಹೆಸರೂ ಇದೆ! ಕಳಿಸಿದವರನ್ನೇ ಕೇಳಿದ್ದೇನೆ, ಉತ್ತರ ಬಂದಿಲ್ಲ.